ಬಂದೂಕು ಎಷ್ಟು ಒದೆಯುತ್ತದೆ? ರಬ್ಬರ್ ಪ್ಯಾಡ್ ಮತ್ತು ಮಝಲ್ ಬ್ರೇಕ್ ಮಾಡುವ ಕೆಲಸವೇನು?

(ಧಾರವಾಡದಲ್ಲಿ ವಿಜ್ಞಾನದ ವಿದ್ಯಾರ್ಥಿಗಳು, ಎನ್‌ಸಿಸಿ ಕೆಡೆಟ್‌ಗಳು ಮತ್ತು ಬೆಳೆ ಕಾಯಲು ಲೈಸೆನ್ಸ್ ಪಡೆದಿರುವ ಕಲಘಟಗಿ, ಅಳ್ನಾವರ ಕಡೆಯ ಕೆಲವು ರೈತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಸೇರಿಸಿದ್ದೇನೆ.)

ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ನೀವೆಲ್ಲ ಒಂದು ಲೆಕ್ಕ ಮಾಡಿದ್ದೀರಿ. 4 ಕಿಲೋ ತೂಕದ ರೈಫಲ್‌ನಿಂದ 50 ಗ್ರಾಂ ಗುಂಡು ಸೆಕೆಂಡಿಗೆ 35 ಮೀಟರ್ ವೇಗದಲ್ಲಿ ಹೊರಟರೆ ರೈಫಲ್ ಎಷ್ಟು ವೇಗದಲ್ಲಿ ಹಿಂದೆ ಸರಿಯುತ್ತದೆ? ಗುಂಡಿನ ಸಂವೇಗವನ್ನು, ಅಂದರೆ ಅದರ ತೂಕವನ್ನು ವೇಗದಿಂದ ಗುಣಿಸಿದ್ದನ್ನು, ರೈಫಲ್‌ನ ತೂಕದಿಂದ ಭಾಗಿಸಿದರೆ ಸೆಕೆಂಡಿಗೆ 0.44 ಮೀಟರ್ ಎಂಬ ಉತ್ತರ ಬರುತ್ತದೆ. ವಿಧಾನ ಸರಿಯಾದದ್ದೇ. ಅಂಕಿಗಳು ಮಾತ್ರ ಮಕ್ಕಳಿಗೆ ಸುಲಭವಾಗಲಿ ಎಂದು ಇಟ್ಟವು. ಸೆಕೆಂಡಿಗೆ 35 ಮೀಟರ್ ಎಂದರೆ ಗಂಟೆಗೆ 126 ಕಿಲೋಮೀಟರ್, ಒಬ್ಬ ಮಧ್ಯಮ ವೇಗದ ಬೌಲರ್ ಎಸೆಯುವ ಚೆಂಡಿನ ವೇಗ. ನಿಜವಾದ ರೈಫಲ್ ಗುಂಡು ಅದರ 20 ಪಟ್ಟಿಗಿಂತ ವೇಗವಾಗಿ ಹೋಗುತ್ತದೆ, ತೂಕದಲ್ಲಿ ಆ 50 ಗ್ರಾಂನ ಕಾಲು ಭಾಗಕ್ಕಿಂತ ಕಡಿಮೆ ಇರುತ್ತದೆ.

ಆದರೆ ನನಗೆ ಮುಖ್ಯವಾಗಿ ಕಾಣುವುದು ಅಂಕಿಗಳಲ್ಲ, ಆ ಲೆಕ್ಕದಲ್ಲಿ ಬಿಟ್ಟುಹೋಗಿರುವ ಒಂದು ವಸ್ತು. ನಳಿಕೆಯಿಂದ ಹೊರಗೆ ಬರುವುದು ಗುಂಡು ಒಂದೇ ಅಲ್ಲ, ಉರಿದ ಮದ್ದಿನ ಅನಿಲವೂ ಬರುತ್ತದೆ. ಶಾಲೆಯ ಲೆಕ್ಕದಲ್ಲಿ ಅದನ್ನು ಕೈಬಿಟ್ಟರೆ ತೊಂದರೆಯಿಲ್ಲ. ಆದರೆ ಒದೆತವನ್ನು ಕಡಿಮೆ ಮಾಡಬೇಕೆಂದು ಹೊರಟವರು ಅದನ್ನು ಬಿಟ್ಟರೆ ದುಡ್ಡೂ ಹೋಗುತ್ತದೆ, ಕೆಲವೊಮ್ಮೆ ಬಂದೂಕೂ ಹಾಳಾಗುತ್ತದೆ. ಇವತ್ತಿನ ಮಾತೆಲ್ಲ ಆ ಅನಿಲದ ಸುತ್ತಲೇ ಇದೆ.

ನಮ್ಮ ದೇಶದ ಪೊಲೀಸರು ದಶಕಗಳ ಕಾಲ ಹೊತ್ತ .303 ರೈಫಲ್ ತೆಗೆದುಕೊಳ್ಳೋಣ. ಅದರ ಮಾರ್ಕ್ 7 ತೋಟಾದ ಗುಂಡು 11.3 ಗ್ರಾಂ. ನಳಿಕೆಯ ತುದಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 744 ಮೀಟರ್. ಒಳಗಿನ ಮದ್ದು ಸುಮಾರು 2.4 ಗ್ರಾಂ. ರೈಫಲ್‌ನ ತೂಕವನ್ನು 4 ಕಿಲೋ ಎಂದು ಹಿಡಿಯೋಣ. ಗುಂಡಿನ ಸಂವೇಗ ಎಷ್ಟು? 0.0113 ಕಿಲೋವನ್ನು 744ರಿಂದ ಗುಣಿಸಿದರೆ 8.4 ಬರುತ್ತದೆ. ಶಾಲೆಯ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. 8.4ನ್ನು 4ರಿಂದ ಭಾಗಿಸಿ, ರೈಫಲ್ ಸೆಕೆಂಡಿಗೆ 2.1 ಮೀಟರ್ ವೇಗದಲ್ಲಿ ಹಿಂದೆ ಬರುತ್ತದೆ ಎನ್ನುತ್ತದೆ.

ಈಗ ಮದ್ದಿನ ಕಡೆ ಬನ್ನಿ. ಮದ್ದು ಉರಿದರೂ ಅದರ ತೂಕ ಎಲ್ಲಿಯೂ ಹೋಗುವುದಿಲ್ಲ. 2.4 ಗ್ರಾಂ ಮದ್ದು 2.4 ಗ್ರಾಂ ಅನಿಲವಾಗುತ್ತದೆ, ಅಷ್ಟೂ ಅನಿಲ ನಳಿಕೆಯ ಬಾಯಿಂದಲೇ ಹೊರಗೆ ಹೋಗಬೇಕು. ಗುಂಡು ಇನ್ನೂ ನಳಿಕೆಯೊಳಗೆ ಇರುವಾಗ ಅನಿಲ ಅಷ್ಟು ವೇಗವಾಗಿ ಚಲಿಸುತ್ತಿರುವುದಿಲ್ಲ. ಗುಂಡಿನ ಬೆನ್ನಿಗೆ ಅಂಟಿದ ಅನಿಲ ಗುಂಡಿನಷ್ಟೇ ವೇಗವಾಗಿ ಹೋಗುತ್ತದೆ, ನಳಿಕೆಯ ಬುಡದಲ್ಲಿರುವ ಅನಿಲ ಬಹುತೇಕ ನಿಂತೇ ಇರುತ್ತದೆ, ಸರಾಸರಿ ತೆಗೆದರೆ ಗುಂಡಿನ ಅರ್ಧ ವೇಗ. ಗುಂಡು ಹೊರಬಿದ್ದ ಕ್ಷಣ ಪರಿಸ್ಥಿತಿ ಬದಲಾಗುತ್ತದೆ. ಬಾಯಿಗೆ ಹಾಕಿದ ಬಿರಡೆ ತೆಗೆದಂತಾಗಿ, ಒತ್ತಡದಲ್ಲಿದ್ದ ಅನಿಲ ಗುಂಡನ್ನೂ ಹಿಂದೆ ಹಾಕುವ ವೇಗದಲ್ಲಿ ಹೊರಗೆ ನುಗ್ಗುತ್ತದೆ. ಒಟ್ಟಾರೆ ಎಷ್ಟು ಎಂಬುದಕ್ಕೆ ಅಮೆರಿಕದ ಮದ್ದುಗುಂಡು ತಯಾರಕರ ಒಕ್ಕೂಟ ಎಸ್‌ಎಎಎಂಐ ಒಂದು ಸರಳ ರೂಢಿ ಇಟ್ಟುಕೊಂಡಿದೆ. ದೊಡ್ಡ ರೈಫಲ್‌ಗಳಲ್ಲಿ ಅನಿಲದ ಸರಾಸರಿ ವೇಗವನ್ನು ಗುಂಡಿನ ವೇಗದ 1.75 ಪಟ್ಟು ಎಂದೂ, ಸಾಧಾರಣ ಉದ್ದದ ನಳಿಕೆಯ ಚರೆ ಬಂದೂಕುಗಳಲ್ಲಿ 1.5 ಪಟ್ಟು ಎಂದೂ ಹಿಡಿಯುತ್ತಾರೆ. ಲೆಕ್ಕ ಹೀಗೆ ಬರೆಯಬಹುದು:

```
p = m·v + c·k·v
V = p / M
E = M·V² / 2 = p² / (2·M)
```

ಇಲ್ಲಿ m ಗುಂಡಿನ ತೂಕ, v ಅದರ ವೇಗ, c ಮದ್ದಿನ ತೂಕ, k ಈಗ ಹೇಳಿದ 1.75 ಅಥವಾ 1.5, M ಬಂದೂಕಿನ ತೂಕ. ಎಲ್ಲ ತೂಕಗಳೂ ಕಿಲೋದಲ್ಲಿರಬೇಕು. p ಒಟ್ಟು ಸಂವೇಗ, V ಬಂದೂಕು ಹಿಂದೆ ಬರುವ ವೇಗ, E ಅದರ ಚಲನ ಶಕ್ತಿ, ಅಂದರೆ ನಾವು ಒದೆತದ ಶಕ್ತಿ ಎನ್ನುವುದು.

.303ರಲ್ಲಿ ಅನಿಲದ ವೇಗ 744ರ 1.75 ಪಟ್ಟು, ಸೆಕೆಂಡಿಗೆ ಸುಮಾರು 1300 ಮೀಟರ್. 2.4 ಗ್ರಾಂ ಅನಿಲ ಆ ವೇಗದಲ್ಲಿ ಹೋದರೆ ಅದರ ಸಂವೇಗ 3.1. ಗುಂಡಿನ 8.4 ಕೂಡಿಸಿದರೆ ಒಟ್ಟು 11.5. ರೈಫಲ್ ಹಿಂದೆ ಬರುವ ವೇಗ ಸೆಕೆಂಡಿಗೆ 2.9 ಮೀಟರ್, ಒದೆತದ ಶಕ್ತಿ ಸುಮಾರು 16.6 ಜೂಲ್. ಅನಿಲವನ್ನು ಬಿಟ್ಟು ಮಾಡಿದ್ದರೆ ಶಕ್ತಿ 8.8 ಜೂಲ್ ಬರುತ್ತಿತ್ತು. ತೂಕದಲ್ಲಿ ಗುಂಡಿನ ಕಾಲು ಭಾಗವೂ ಇಲ್ಲದ ಅನಿಲವನ್ನು ಮರೆತದ್ದಕ್ಕೆ ಉತ್ತರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು! ಶಕ್ತಿ ಸಂವೇಗದ ವರ್ಗದ ಜೊತೆ ಏರುತ್ತದೆಯಾದ್ದರಿಂದ ಸಂವೇಗದಲ್ಲಿ ಕಾಲು ಭಾಗ ತಪ್ಪಿದರೆ ಶಕ್ತಿಯಲ್ಲಿ ಅರ್ಧ ತಪ್ಪುತ್ತದೆ.

ಹಿಂದಿನ ಸಾಲಿನಲ್ಲಿದ್ದ ಒಬ್ಬ ವಿದ್ಯಾರ್ಥಿನಿ ಇಲ್ಲಿಯೇ ಕೈಯೆತ್ತಿದಳು. "ಸರ್, ಅನಿಲದ ವೇಗವನ್ನ ಯಾರರೆ ಅಳದಾರೇನ್ರಿ, ಇಲ್ಲಾ ಸುಮ್ನ ಹಿಡಕೊಂಡಾರ?"

ಪ್ರಶ್ನೆ ಬಹಳ ಸರಿಯಾದದ್ದು. ಬಂದೂಕನ್ನೇ ಲೋಲಕದ ಹಾಗೆ ತಂತಿಗಳಿಂದ ತೂಗುಹಾಕಿ ಹಾರಿಸುವ ಪದ್ಧತಿ ಇದೆ. ಬಂದೂಕು ಹಿಂದಕ್ಕೆ ತೂಗಿ ಎಷ್ಟು ಎತ್ತರ ಏರಿತು ಎಂದು ಅಳೆದರೆ ಅದರ ವೇಗ ಸಿಗುತ್ತದೆ. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಗುಂಡಿನ ವೇಗ ತಿಳಿಯಲು ಗುರಿಯನ್ನು ಲೋಲಕ ಮಾಡಿದ. 1781ರಲ್ಲಿ ರಮ್‌ಫೋರ್ಡ್ ಪ್ರಕಟಿಸಿದ ಪ್ರಯೋಗಗಳಲ್ಲಿ ಬಂದೂಕನ್ನೇ ತೂಗುಹಾಕಿದ್ದರು. ನಮ್ಮ .303 ಅನ್ನು ಹಾಗೆ ತೂಗುಹಾಕಿದರೆ ಅದು ಸುಮಾರು 42 ಸೆಂಟಿಮೀಟರ್ ಮೇಲೇರಬೇಕು. ಅನಿಲದ ಪಾಲು ಇಲ್ಲದಿದ್ದರೆ 23 ಸೆಂಟಿಮೀಟರ್‌ಗೆ ನಿಲ್ಲಬೇಕಿತ್ತು. ಒಟ್ಟು ಸಂವೇಗದಿಂದ ಗುಂಡಿನ ಸಂವೇಗವನ್ನು ಕಳೆದರೆ ಉಳಿದದ್ದು ಅನಿಲದ್ದು. 1.75 ಎಂಬುದು ಪ್ರತಿ ರೈಫಲ್‌ಗೂ ಕರಾರುವಾಕ್ಕಾದ ಅಂಕಿಯಲ್ಲ. ನಳಿಕೆ ಗಿಡ್ಡವಾಗಿದ್ದರೆ ಗುಂಡು ಹೊರಬೀಳುವಾಗ ಅನಿಲದ ಒತ್ತಡ ಹೆಚ್ಚು ಉಳಿದಿರುತ್ತದೆ, ಆಗ ಈ ಅಂಕಿಯೂ ಮೇಲೇರುತ್ತದೆ. ಆದರೂ ಎರಡು ಬಂದೂಕುಗಳನ್ನು ಹೋಲಿಸಲು ಇದು ಧಾರಾಳ ಸಾಕು.

ಈಗ ನಮ್ಮ ಸೀಮೆಯ ಬಂದೂಕಿಗೆ ಬರುತ್ತೇನೆ. ಗೋವಿನಜೋಳದ ಹೊಲಕ್ಕೆ ಹಂದಿ ನುಗ್ಗುವ ಊರುಗಳಲ್ಲಿ ಲೈಸೆನ್ಸ್ ಮೇಲೆ ಇರುವುದು ಸಾಮಾನ್ಯವಾಗಿ 12 ಬೋರ್ ಬಂದೂಕು. 3.2 ಕಿಲೋ ತೂಕದ ಒಂದು ಡಬಲ್ ಬ್ಯಾರಲ್ ಬಂದೂಕು ಎಂದುಕೊಳ್ಳಿ. ತೋಟಾದಲ್ಲಿ 30 ಗ್ರಾಂ ಚರೆ, ಚರೆಗೂ ಮದ್ದಿಗೂ ನಡುವೆ ಅಡ್ಡ ಕೂಡುವ 3 ಗ್ರಾಂ ವ್ಯಾಡ್, 1.8 ಗ್ರಾಂ ಮದ್ದು, ವೇಗ ಸೆಕೆಂಡಿಗೆ 380 ಮೀಟರ್ ಎಂದು ಹಿಡಿಯೋಣ. ಲೆಕ್ಕ ಕಲಿಯಲು ನಾನು ಆರಿಸಿದ ಅಂಕಿಗಳಿವು, ನಿಮ್ಮ ತೋಟಾದ ಡಬ್ಬಿಯ ಮೇಲೆ ಇರುವ ಅಂಕಿಗಳನ್ನು ಹಾಕಿ ನೀವೇ ಮಾಡಿಕೊಳ್ಳಬಹುದು. ಒಂದು ಮಾತು ನೆನಪಿಡಿ, ವ್ಯಾಡ್ ಕೂಡ ಚರೆಯ ಜೊತೆಗೇ ನಳಿಕೆಯಿಂದ ಹೊರಗೆ ಹೋಗುತ್ತದೆ, ಅದನ್ನು ಕೂಡಿಸಲೇಬೇಕು. 33 ಗ್ರಾಂ 380 ಮೀಟರ್ ವೇಗದಲ್ಲಿ ಹೋದರೆ ಸಂವೇಗ 12.5. ಅನಿಲದ್ದು 1.0. ಒಟ್ಟು 13.6. ಬಂದೂಕು ಹಿಂದೆ ಬರುವ ವೇಗ ಸೆಕೆಂಡಿಗೆ 4.2 ಮೀಟರ್. ಒದೆತದ ಶಕ್ತಿ 28.8 ಜೂಲ್.

ಸಭೆಯಲ್ಲಿ ಗುಜುಗುಜು ಎದ್ದದ್ದು ಇಲ್ಲಿ. ಯುದ್ಧದ ರೈಫಲ್‌ಗಿಂತ ಹಂದಿ ಕಾಯುವ ಬಂದೂಕು ಹೆಚ್ಚು ಒದೆಯುತ್ತದೆಯೇ? ಹೌದು, ಈ ಅಂಕಿಗಳಲ್ಲಿ ಒಂದೂ ಮುಕ್ಕಾಲು ಪಟ್ಟು ಹೆಚ್ಚು. .303ರ ಗುಂಡು ಹೊತ್ತೊಯ್ಯುವ ಶಕ್ತಿ 3100 ಜೂಲ್‌ಗೂ ಮೇಲೆ, ಚರೆ ಮತ್ತು ವ್ಯಾಡ್ ಕೂಡಿ ಹೊತ್ತೊಯ್ಯುವುದು ಸುಮಾರು 2400 ಜೂಲ್. ಮುಂದೆ ಹೋಗುವ ಶಕ್ತಿ ಕಡಿಮೆ, ಹಿಂದೆ ಬರುವ ಒದೆತ ಹೆಚ್ಚು. ಕಾರಣ ಇಷ್ಟೇ. ಭುಜಕ್ಕೆ ಬರುವುದು ಸಂವೇಗದ ಲೆಕ್ಕ. ಸಂವೇಗಕ್ಕೆ ತೂಕವೂ ವೇಗವೂ ಸಮಾನ, ಶಕ್ತಿಗೆ ವೇಗ ಎರಡು ಸಲ ಗುಣಿಸಲ್ಪಡುತ್ತದೆ. ಮುಂದೆ ಹೋಗುವ ಶಕ್ತಿ ಒಂದೇ ಇದ್ದರೆ, ಭಾರದ ವಸ್ತುವನ್ನು ನಿಧಾನವಾಗಿ ಎಸೆಯುವ ಬಂದೂಕು ಭುಜವನ್ನು ಹೆಚ್ಚು ನೋಯಿಸುತ್ತದೆ. ಜೊತೆಗೆ ಡಬಲ್ ಬ್ಯಾರಲ್ ಬಂದೂಕು ಹಗುರ, ಅದೂ ಸೇರಿತು.

ಇನ್ನೊಂದು ವ್ಯತ್ಯಾಸವನ್ನು ನೋಡಿ, ಮುಂದೆ ಇದೇ ನಮಗೆ ಬೇಕಾಗುವುದು. .303ರ ಒಟ್ಟು ಸಂವೇಗದಲ್ಲಿ ಅನಿಲದ ಪಾಲು ನೂರಕ್ಕೆ 27. 12 ಬೋರ್‌ನಲ್ಲಿ ನೂರಕ್ಕೆ 8ಕ್ಕಿಂತ ಕಡಿಮೆ.

ಈಗ ರಬ್ಬರ್ ಪ್ಯಾಡ್. ಬಟ್ ಎಂದರೆ ಭುಜಕ್ಕೆ ಆನಿಸುವ ಬಂದೂಕಿನ ಹಿಂಭಾಗ, ಅದರ ಹಿಂತುದಿಗೆ ಕೂಡಿಸುವ ಒಂದು ಇಂಚು ದಪ್ಪದ ಮೆತ್ತೆಯೇ ಪ್ಯಾಡ್. ಪ್ಯಾಡ್ ಹಾಕಿದರೆ ಒದೆತದ ಶಕ್ತಿ ಕಡಿಮೆಯಾಗುತ್ತದೆ ಎಂದು ಅಂಗಡಿಯವರು ಹೇಳುವುದುಂಟು. ಮೇಲಿನ ಲೆಕ್ಕವನ್ನು ಮತ್ತೊಮ್ಮೆ ನೋಡಿ. ಅದರಲ್ಲಿ ಗುಂಡು, ಮದ್ದು, ಬಂದೂಕಿನ ತೂಕ ಇವೆ, ಪ್ಯಾಡ್‌ಗೆ ಜಾಗವೇ ಇಲ್ಲ. ಪ್ಯಾಡ್‌ನ ನೂರಿನ್ನೂರು ಗ್ರಾಂ ತೂಕ ಬಂದೂಕಿನ ತೂಕಕ್ಕೆ ಸೇರುವುದೊಂದೇ ಅದು ಲೆಕ್ಕಕ್ಕೆ ಬರುವ ದಾರಿ.

ಕಾಲದ ಲೆಕ್ಕ ಮಾಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. .303ರ ನಳಿಕೆ 64 ಸೆಂಟಿಮೀಟರ್ ಉದ್ದ. ಗುಂಡು ಅದನ್ನು ದಾಟಲು ತೆಗೆದುಕೊಳ್ಳುವುದು ಸೆಕೆಂಡಿನ ಸಾವಿರದ ಒಂದೆರಡು ಭಾಗ. ಅಷ್ಟರಲ್ಲಿ ರೈಫಲ್ ಹಿಂದೆ ಸರಿದಿರುವುದು ಸುಮಾರು 2 ಮಿಲಿಮೀಟರ್ ಮಾತ್ರ. ಪ್ಯಾಡ್ ಇನ್ನೂ ಕೆಲಸವನ್ನೇ ಶುರು ಮಾಡಿರುವುದಿಲ್ಲ. ಗುಂಡು ಹೋಗಿ, ಅನಿಲ ಹೋಗಿ, ರೈಫಲ್ ತನ್ನ ಪೂರ್ತಿ ವೇಗ ಪಡೆದ ಮೇಲೆ ಅದನ್ನು ನಿಲ್ಲಿಸುವ ಕೆಲಸ ಭುಜಕ್ಕೂ ಪ್ಯಾಡ್‌ಗೂ ಬರುತ್ತದೆ. ಎಷ್ಟು ಸಂವೇಗ ನಿಲ್ಲಿಸಬೇಕು ಎನ್ನುವುದು ಆಗಲೇ ತೀರ್ಮಾನವಾಗಿರುತ್ತದೆ. ಎಷ್ಟು ದೂರದಲ್ಲಿ ನಿಲ್ಲಿಸಬೇಕು ಎನ್ನುವುದು ಮಾತ್ರ ನಮ್ಮ ಕೈಯಲ್ಲಿ ಉಳಿದಿರುತ್ತದೆ.

ನಮ್ಮ ಕಡೆ ಕುಸ್ತಿ ನೋಡದವರು ಕಡಿಮೆ. ಅಖಾಡದ ಕೆಂಪು ಮಣ್ಣನ್ನು ಕುಸ್ತಿಗೆ ಮೊದಲು ಅಗೆದು ಸಡಿಲ ಮಾಡುತ್ತಾರಲ್ಲ, ಪ್ಯಾಡ್ ಮಾಡುವ ಕೆಲಸ ಅದೇ. ಎತ್ತಿ ಒಗೆದ ಪೈಲ್ವಾನ ಬೀಳುವ ವೇಗ ಮಣ್ಣು ಸಡಿಲಿದ್ದರೂ ಗಟ್ಟಿಯಿದ್ದರೂ ಒಂದೇ. ಸಡಿಲ ಮಣ್ಣು ನಾಲ್ಕು ಬೆರಳು ಒಳಗೆ ಹೋಗಿ ಅವನನ್ನು ನಿಧಾನವಾಗಿ ನಿಲ್ಲಿಸುತ್ತದೆ, ಮೈಯ ಅಗಲಕ್ಕೂ ತಾಗುತ್ತದೆ.

ಇದನ್ನೇ ಅಂಕಿಗಳಲ್ಲಿ ಹೇಳುತ್ತೇನೆ. ಸರಾಸರಿ ಬಲ ಎಂದರೆ ಶಕ್ತಿಯನ್ನು ದೂರದಿಂದ ಭಾಗಿಸಿದ್ದು. ಹಿತ್ತಾಳೆಯ ಬಟ್ ಪ್ಲೇಟ್ ಇರುವ .303 ಭುಜದ ಮಾಂಸ, ಬಟ್ಟೆ ಎಲ್ಲ ಸೇರಿ 2 ಸೆಂಟಿಮೀಟರ್ ಒಳಗೆ ನಿಂತಿತು ಎಂದುಕೊಳ್ಳಿ. 16.6 ಜೂಲ್ ಅನ್ನು 0.02 ಮೀಟರ್‌ನಿಂದ ಭಾಗಿಸಿದರೆ 830 ನ್ಯೂಟನ್, ಅಂದರೆ 85 ಕಿಲೋ ತೂಕದ ಒತ್ತು. ಪ್ಯಾಡ್ ತಾನೂ 12 ಮಿಲಿಮೀಟರ್ ಕುಗ್ಗಿದರೆ ದೂರ 3.2 ಸೆಂಟಿಮೀಟರ್ ಆಗುತ್ತದೆ, ಬಲ 520 ನ್ಯೂಟನ್‌ಗೆ ಇಳಿಯುತ್ತದೆ. ಸಂವೇಗ ಅದೇ, ಶಕ್ತಿ ಅದೇ, ಬಲದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿತ. ನಿಜವಾದ ಭುಜ ಇಷ್ಟು ಸರಳವಲ್ಲ, ಇಡೀ ಮೈ ಹಿಂದೆ ವಾಲುತ್ತದೆ, ಬಲವೂ ಸಮನಾಗಿ ಬರದೆ ಒಮ್ಮೆ ಏರಿ ಇಳಿಯುತ್ತದೆ. ಆದರೆ ಲಾಭದ ಪ್ರಮಾಣ ಇದರಿಂದ ಅರ್ಥವಾಗುತ್ತದೆ. ಹಳೆಯ ಬಟ್ ಪ್ಲೇಟ್‌ಗಳು ಅಂಚಿನಲ್ಲೇ ಒತ್ತುತ್ತವೆ, ರಬ್ಬರ್ ಭುಜದ ಆಕಾರಕ್ಕೆ ಬಾಗಿ ಅದೇ ಬಲವನ್ನು ಹೆಚ್ಚು ಜಾಗಕ್ಕೆ ಹಂಚುತ್ತದೆ. ಮರುದಿನ ಭುಜ ನೀಲಿಗಟ್ಟುವುದು ತಪ್ಪುವುದು ಬಹುಮಟ್ಟಿಗೆ ಈ ಹಂಚಿಕೆಯಿಂದ.

ಪ್ಯಾಡ್ ಮೂರು ರೀತಿಯಲ್ಲಿ ಕೈಕೊಡುತ್ತದೆ. ಮೊದಲನೆಯದು ಮುಪ್ಪು. ರಬ್ಬರ್ ವರ್ಷಗಳಲ್ಲಿ ಗಟ್ಟಿಯಾಗುತ್ತದೆ, ಬಿಸಿಲಿಗೆ ಬಿದ್ದರೆ ಇನ್ನೂ ಬೇಗ. ಅಜ್ಜನ ಕಾಲದ ಬಂದೂಕಿನ ಕೆಂಪು ಪ್ಯಾಡ್ ಅನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒತ್ತಿದರೆ ತಗ್ಗು ಬೀಳದಿದ್ದರೆ, ಮೇಲ್ಮೈಯಲ್ಲಿ ಸೀಳು ಕಂಡರೆ ಅದು ಪ್ಯಾಡ್ ಆಗಿ ಉಳಿದಿಲ್ಲ. ಎರಡನೆಯದು ಅತಿ ಮೆತ್ತಗಿರುವುದು. ಕೈಗೆ ಸ್ಪಂಜಿನಂತೆ ಹಿತವೆನಿಸುವ ಪ್ಯಾಡ್ 12 ಬೋರ್‌ನ ಹೊಡೆತಕ್ಕೆ ಅರ್ಧದಾರಿಯಲ್ಲೇ ಪೂರ್ತಿ ಅಪ್ಪಚ್ಚಿಯಾಗಿ, ಉಳಿದ ವೇಗವನ್ನು ಒಂದೇ ಪೆಟ್ಟಿನಲ್ಲಿ ಭುಜಕ್ಕೆ ದಾಟಿಸುತ್ತದೆ. ಹಾರಿಸುವಾಗ ಮೊದಲು ಮೆತ್ತಗೆ, ಆಮೇಲೆ ಕಟ್ಟಿಗೆ ಬಡಿದಂತೆ ಎರಡು ಹಂತದಲ್ಲಿ ಅನುಭವಕ್ಕೆ ಬಂದರೆ ಇದೇ ಕಾರಣ. ಮೂರನೆಯದನ್ನು ಜನ ಹೆಚ್ಚು ಗಮನಿಸುವುದಿಲ್ಲ. ಈಗಾಗಲೇ ಉದ್ದವಿರುವ ಬಟ್‌ಗೆ ಮತ್ತೊಂದು ಇಂಚು ಸೇರಿಸಿದರೆ ಬಂದೂಕು ಭುಜದ ಗುಂಡಿಯಲ್ಲಿ ಕೂಡುವುದಿಲ್ಲ, ಅಂಗಿಗೆ ಸಿಕ್ಕಿಕೊಳ್ಳುತ್ತದೆ, ತೋಳಿನ ಮೇಲೆ ಜಾರುತ್ತದೆ. ಪ್ಯಾಡ್ ಕೂಡಿಸುವ ಮೊದಲು ಅಷ್ಟೇ ಕಟ್ಟಿಗೆ ಕತ್ತರಿಸಬೇಕಾಗುತ್ತದೆ.

ಹಿಡಿತದ ಮಾತೂ ಇಲ್ಲಿಗೇ ಸೇರುತ್ತದೆ. ಬಟ್ ಮತ್ತು ಭುಜದ ನಡುವೆ ಒಂದು ಬೆರಳು ಸಂದು ಬಿಟ್ಟು ಹಾರಿಸಿದರೆ ಬಂದೂಕು ತನ್ನ ಪೂರ್ತಿ ವೇಗದಲ್ಲಿ ಬಂದು ಬಡಿಯುತ್ತದೆ, ಪ್ಯಾಡ್ ಇದ್ದರೂ ಸರಿ. ಭುಜಕ್ಕೆ ಒತ್ತಿ ಹಿಡಿದರೆ ಮೊದಲ ಮಿಲಿಮೀಟರ್‌ನಿಂದಲೇ ಮೈಯ ತೂಕವೂ ಬಂದೂಕಿನ ಜೊತೆ ಸೇರಿ ಹಿಂದೆ ಸರಿಯುತ್ತದೆ. ಹೆದರಿದವರು ಬಂದೂಕನ್ನು ಮೈಯಿಂದ ದೂರ ಹಿಡಿಯುತ್ತಾರೆ, ಅವರಿಗೇ ಹೆಚ್ಚು ಪೆಟ್ಟಾಗುತ್ತದೆ. ಹೊಸ ಕೆಡೆಟ್‌ಗಳಿಗೆ ಇದನ್ನು ಮೊದಲೇ ಹೇಳಿಕೊಡಬೇಕು.

ಮಝಲ್ ಬ್ರೇಕ್‌ನ ಸಂಗತಿ ಬೇರೆ. ಅದು ನಳಿಕೆಯ ತುದಿಗೆ ಕೂಡಿಸುವ, ಪಕ್ಕಕ್ಕೆ ತೂತು ಅಥವಾ ಸೀಳುಗಳಿರುವ ಉಕ್ಕಿನ ತುಂಡು. ಬೋಫೋರ್ಸ್ ತೋಪಿನ ಚಿತ್ರ ನೋಡಿದವರು ನಳಿಕೆಯ ತುದಿಯಲ್ಲಿ ದಪ್ಪನೆಯ ಭಾಗವೊಂದನ್ನು ಗಮನಿಸಿರುತ್ತೀರಿ, ಅದೂ ಇದೇ. ಗುಂಡು ಬ್ರೇಕ್‌ನ ನಡುವಿನ ತೂತಿನಿಂದ ನೇರ ಹೋಗುತ್ತದೆ. ಹಿಂದೆ ನುಗ್ಗಿ ಬರುವ ಅನಿಲ ಅಗಲವಾದ ಜಾಗ ಸಿಕ್ಕಾಗ ಹರಡಿ, ಒಳಗಿನ ಅಡ್ಡಗೋಡೆಗಳಿಗೆ ಬಡಿದು ಪಕ್ಕಕ್ಕೆ ತಿರುಗುತ್ತದೆ. ಗೋಡೆಗೆ ಬಡಿಯುವಾಗ ಅದು ನಳಿಕೆಯನ್ನು ಮುಂದಕ್ಕೆ ತಳ್ಳುತ್ತದೆ. ಪಕ್ಕಕ್ಕೆ ಹೋದ ಅನಿಲಕ್ಕೆ ಮುಂದಿನ ದಿಕ್ಕಿನ ಸಂವೇಗ ಇರುವುದಿಲ್ಲ, ಎಡಬಲ ಎರಡೂ ಕಡೆ ಸಮ ಹೋಗುವುದರಿಂದ ಪಕ್ಕದ ತಳ್ಳುವಿಕೆ ಒಂದನ್ನೊಂದು ಕಳೆಯುತ್ತದೆ. ಹೀಗೆ ಬ್ರೇಕ್ ಒದೆತದ ಲೆಕ್ಕದೊಳಗೇ ಕೈಹಾಕುತ್ತದೆ, ಒಟ್ಟು ಸಂವೇಗವನ್ನೇ ಇಳಿಸುತ್ತದೆ. ಆದರೆ ಅದರ ಕೈಗೆ ಸಿಗುವುದು ಅನಿಲದ ಪಾಲು ಮಾತ್ರ. ಗುಂಡಿನ ಪಾಲನ್ನು ಅದು ಮುಟ್ಟಲಾರದು.

.303ಕ್ಕೆ ಬ್ರೇಕ್ ಹಾಕಿದೆವೆಂದು ಕಲ್ಪಿಸಿಕೊಳ್ಳಿ. ಅರ್ಧ ಅನಿಲ ಪಕ್ಕಕ್ಕೆ ತಿರುಗಿತು ಎಂದರೆ ಒಟ್ಟು ಸಂವೇಗ 11.5ರಿಂದ 10ಕ್ಕೆ ಇಳಿಯುತ್ತದೆ, ಶಕ್ತಿ 16.6ರಿಂದ 12.4 ಜೂಲ್‌ಗೆ. ಕಾಲು ಭಾಗ ಕಡಿಮೆಯಾಯಿತು. ಎಲ್ಲ ಅನಿಲವೂ ಪಕ್ಕಕ್ಕೆ ತಿರುಗಿದರೆ ನಾವು ಮೊದಲು ನೋಡಿದ 8.8 ಜೂಲ್, ಶಾಲೆಯ ಲೆಕ್ಕದ ಉತ್ತರವೇ! ಎಲ್ಲ ಅನಿಲ ತಿರುಗುವುದು ಎಂದೂ ಆಗುವುದಿಲ್ಲ, ಸ್ವಲ್ಪ ಗುಂಡಿನ ತೂತಿನಿಂದಲೇ ಮುಂದೆ ಹೋಗುತ್ತದೆ. ಅಡ್ಡಗೋಡೆಗಳನ್ನು ಹಿಂದಕ್ಕೆ ವಾಲಿಸಿ ಅನಿಲವನ್ನು ಹಿಮ್ಮುಖವಾಗಿ ಬಿಟ್ಟರೆ ಇನ್ನೂ ಹೆಚ್ಚು ಲಾಭವಿದೆ, ತೋಪುಗಳಲ್ಲಿ ಹಾಗೆ ಮಾಡುತ್ತಾರೆ. ಭುಜದ ರೈಫಲ್‌ನಲ್ಲಿ ಅಷ್ಟು ಮಾಡಿದರೆ ಆ ಬಿಸಿ ಗಾಳಿಯೂ ಸದ್ದೂ ಹಾರಿಸುವವರ ಮುಖಕ್ಕೇ ಬರುತ್ತದೆ.

ಸದ್ದಿನ ಮಾತನ್ನು ನಾನು ಲಘುವಾಗಿ ಹೇಳಲಾರೆ. ಬ್ರೇಕ್ ಸದ್ದನ್ನು ಹುಟ್ಟಿಸುವುದಿಲ್ಲ, ಮುಂದೆ ಹೋಗುತ್ತಿದ್ದುದನ್ನು ಪಕ್ಕಕ್ಕೆ, ಹಿಂದಕ್ಕೆ ತಿರುಗಿಸುತ್ತದೆ. ಬರಿಯ ರೈಫಲ್‌ನ ಸದ್ದೇ ಕಿವಿಗೆ ಶಾಶ್ವತ ಹಾನಿ ಮಾಡುವಷ್ಟು ಜೋರು. ಬ್ರೇಕ್ ಇದ್ದಾಗ ಹಾರಿಸುವವರ ಕಿವಿಗೂ, ಪಕ್ಕದ ಸಾಲಿನಲ್ಲಿ ಮಲಗಿರುವವರ ಕಿವಿಗೂ ಅದು ಇನ್ನಷ್ಟು ಜೋರಾಗಿ ಬರುತ್ತದೆ. ತಗಡಿನ ಚಾವಣಿ ಇರುವ ರೇಂಜ್‌ನಲ್ಲಿ ಅದು ತಿರುಗಿಯೂ ಬಡಿಯುತ್ತದೆ. ಭುಜದ ನೋವು ವಾರದಲ್ಲಿ ಹೋಗುತ್ತದೆ, ಹೋದ ಕಿವಿ ಮರಳುವುದಿಲ್ಲ. ಬ್ರೇಕ್ ಇರುವ ರೈಫಲ್‌ನ ಹತ್ತಿರ ಇಯರ್ ಪ್ಲಗ್, ಅದರ ಮೇಲೆ ಇಯರ್ ಮಫ್ ಎರಡೂ ಬೇಕು.

ನಳಿಕೆಯ ತುದಿಯಲ್ಲಿ ತೂತು ಕಂಡದ್ದೆಲ್ಲ ಬ್ರೇಕ್ ಅಲ್ಲ ಎಂಬುದನ್ನೂ ಸೇರಿಸುತ್ತೇನೆ. ಉದ್ದುದ್ದ ಸೀಳುಗಳ ಫ್ಲ್ಯಾಶ್ ಹೈಡರ್ ಬೆಂಕಿಯ ಬೆಳಕನ್ನು ಕಡಿಮೆ ಮಾಡಲು ಇದೆ. ಎಕೆಎಂ ರೈಫಲ್‌ನ ತುದಿಯನ್ನು ಓರೆಯಾಗಿ ಕತ್ತರಿಸಿರುವುದು ಅನಿಲವನ್ನು ಒಂದು ಬದಿಗೆ, ಮೇಲಕ್ಕೆ ತಿರುಗಿಸಿ ನಳಿಕೆ ಮೇಲೇಳದಂತೆ ಒತ್ತಿಹಿಡಿಯಲು. ಭುಜದ ಮೇಲಿನ ಒದೆತಕ್ಕೆ ಇವುಗಳಿಂದ ಆಗುವ ಸಹಾಯ ಅಲ್ಪ.

ಕಲಘಟಗಿ ಕಡೆಯ ಹಿರಿಯ ರೈತರೊಬ್ಬರು ಇಷ್ಟು ಹೊತ್ತು ಕಾದಿದ್ದು ಈಗ ಕೇಳಿದರು. "ನಮ್ಮ ಡಬಲ್ ಬ್ಯಾರಲ್ ಭಾಳ ಒದೀತದ್ರೀ. ನಳಿಗಿ ತುದೀಗೆ ತೂತು ಹೊಡಿಸಿದ್ರ ಕಡಿಮಿ ಆಗತದಂತ ಒಬ್ಬಾಂವ ಹೇಳ್ಯಾನ. ಹೊಡಸ್ಲೇನ್ರಿ?"

"ಬ್ಯಾಡ್ರೀ ಯಜಮಾನ್ರ," ಎಂದೆ, ಏಕೆಂದು ಲೆಕ್ಕವನ್ನೂ ತೋರಿಸಿದೆ. ಅವರ ಬಂದೂಕಿನಲ್ಲಿ ಅನಿಲದ ಪಾಲು 13.6ರಲ್ಲಿ 1.0 ಮಾತ್ರ. ಪ್ರಪಂಚದ ಅತ್ಯುತ್ತಮ ಬ್ರೇಕ್ ಹಾಕಿ ಆ ಅನಿಲವನ್ನೆಲ್ಲ ಪಕ್ಕಕ್ಕೆ ತಿರುಗಿಸಿದರೂ ಶಕ್ತಿ 28.8ರಿಂದ 24.6 ಜೂಲ್‌ಗೆ ಇಳಿಯುತ್ತದೆ, ನೂರಕ್ಕೆ 15. ಅದು ಮೇಲಿನ ಮಿತಿ. ಚರೆ ಬಂದೂಕಿನ ನಳಿಕೆಯ ತುದಿಯಲ್ಲಿ ಅನಿಲದ ಒತ್ತಡ ರೈಫಲ್‌ನದ್ದಕ್ಕಿಂತ ಬಹಳ ಕಡಿಮೆ, ಕೆಲವು ತೂತುಗಳಿಂದ ಹೋಗುವುದು ಅದರ ಒಂದು ಪಾಲು ಮಾತ್ರ. ಕೊನೆಗೆ ಭುಜಕ್ಕೆ ಸಿಗುವ ಲಾಭ ಗುರುತಿಸಲಾಗದಷ್ಟು. ಇದಕ್ಕಾಗಿ ತೆಳ್ಳಗಿನ ನಳಿಕೆಗೆ ತೂತು ಹೊಡೆಸಿದರೆ ಒಳಮೈಯಲ್ಲಿ ಚೂಪು ಅಂಚು ಉಳಿದು ವ್ಯಾಡ್ ಅನ್ನು ಕೆರೆಯುತ್ತದೆ, ಮಸಿ ಕಟ್ಟುತ್ತದೆ, ನಳಿಕೆ ದುರ್ಬಲವಾಗುತ್ತದೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಒಳ್ಳೆಯ ಲೇತ್ ಕೆಲಸದವರು ಬಹಳ ಜನ ಇದ್ದಾರೆ, ಆದರೆ ನಳಿಕೆಯ ಕೆಲಸ ಅವರದಲ್ಲ. ಬಂದೂಕಿನ ದುರಸ್ತಿಗೆ ಆಯುಧ ಕಾಯ್ದೆಯಡಿ ಲೈಸೆನ್ಸ್ ಇರುವವರ ಹತ್ತಿರವೇ ಹೋಗಬೇಕು. ರೈಫಲ್‌ನ ಬ್ರೇಕ್ ಕೂಡ ಹಾಗೆಯೇ, ಅದರ ತೂತು ನಳಿಕೆಯ ನಡುಗೆರೆಯಿಂದ ಕೂದಲೆಳೆ ಸರಿದರೂ ಗುಂಡು ಗೋಡೆಗೆ ತಾಗುತ್ತದೆ.

"ಹಂಗಾರ ಏನ್ ಮಾಡೂದು?"

ಲೆಕ್ಕದಲ್ಲಿ ದೊಡ್ಡದು ಯಾವುದೋ ಅದನ್ನು ಇಳಿಸಬೇಕು. ಅವರ ಬಂದೂಕಿನಲ್ಲಿ ದೊಡ್ಡದು ಚರೆಯ ತೂಕ. ಒಲಿಂಪಿಕ್ ಟ್ರ್ಯಾಪ್ ಸ್ಪರ್ಧೆಯವರು ಬಳಸುವುದು 24 ಗ್ರಾಂ ಚರೆಯ ತೋಟಾ. ಅದನ್ನೇ ಅದೇ ವೇಗದಲ್ಲಿ, 1.6 ಗ್ರಾಂ ಮದ್ದಿನ ಜೊತೆ ಲೆಕ್ಕಕ್ಕೆ ಹಾಕಿ. ಒಟ್ಟು ಸಂವೇಗ 11.2, ಒದೆತ 19.5 ಜೂಲ್. ಬಂದೂಕಿಗೆ ಏನೂ ಮಾಡದೆ ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು. ತೂಕ ಹೆಚ್ಚಿಸುವುದೂ ಒಂದು ದಾರಿ. ಬಟ್‌ನೊಳಗೆ ಅರ್ಧ ಕಿಲೋ ಸೀಸ ತುಂಬಿದರೆ 28.8 ಜೂಲ್ 24.9ಕ್ಕೆ ಇಳಿಯುತ್ತದೆ. ಅಂದರೆ ಆ ಅತ್ಯುತ್ತಮ ಬ್ರೇಕ್ ಕೊಡಬಹುದಾಗಿದ್ದ ಲಾಭವನ್ನು ಅರ್ಧ ಕಿಲೋ ಸೀಸವೇ ಕೊಡುತ್ತದೆ. ಆದರೆ ರಾತ್ರಿಯಿಡೀ ಹೊಲ ಸುತ್ತುವವರಿಗೆ ಆ ಅರ್ಧ ಕಿಲೋ ಬೇಡವಾಗುತ್ತದೆ. ಹೊಸ ಪ್ಯಾಡ್ ಒಂದನ್ನು ಸರಿಯಾದ ಉದ್ದಕ್ಕೆ ಕೂಡಿಸಿಕೊಂಡು ಹಗುರ ತೋಟಾ ಬಳಸಿದರೆ ಅವರ ಭುಜಕ್ಕೆ ಬಹಳಷ್ಟು ನೆಮ್ಮದಿ ಸಿಗುತ್ತದೆ.

ಅವರೇ ಮುಂದುವರಿದು ಹೇಳಿದ ಒಂದು ವಿಷಯ ನನ್ನನ್ನು ಎಚ್ಚರಿಸಿತು. ಬಂದೂಕು ಒಮ್ಮೊಮ್ಮೆ ಮಾತ್ರ ವಿಪರೀತ ಒದೆಯುತ್ತದೆ, ಹಿಂದಕ್ಕೆ ಬಿದ್ದದ್ದೂ ಇದೆ ಎಂದರು. ಎರಡೂ ತೋಟಾ ಖಾಲಿಯಾಗಿದ್ದವೇ ಎಂದು ಕೇಳಿದೆ. ನೋಡಿದ ನೆನಪಿಲ್ಲ ಎಂದರು. ಒಂದು ಕುದುರೆ ಎಳೆದಾಗ ಎರಡೂ ನಳಿಕೆ ಒಟ್ಟಿಗೆ ಹಾರುವ ದೋಷ ಹಳೆಯ ಡಬಲ್ ಬ್ಯಾರಲ್‌ಗಳಲ್ಲಿ ಉಂಟು. ಒಳಗಿನ ಕೊಂಡಿ ಸವೆದಿದ್ದರೆ ಮೊದಲ ಹೊಡೆತದ ಅದುರಿಗೇ ಎರಡನೆಯ ಸುತ್ತಿಗೆ ಜಾರುತ್ತದೆ. ಒದೆತಕ್ಕೆ ಬೆರಳು ಜಾರಿ ಇನ್ನೊಂದು ಕುದುರೆಯನ್ನು ಎಳೆದೂ ಹೀಗಾಗುತ್ತದೆ. ಆಗ ಸಂವೇಗ ಎರಡು ಪಟ್ಟು, 27. ಬಂದೂಕು ಅದೇ 3.2 ಕಿಲೋ. ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು: 115 ಜೂಲ್. ಈ ಹೊಡೆತವನ್ನು ಯಾವ ಪ್ಯಾಡೂ ತಡೆಯಲಾರದು, ಕೊರಳೆಲುಬು ಮುರಿಯಬಹುದು.

ಇದನ್ನು ಕಂಡುಹಿಡಿಯುವ ವಿಧಾನ ಹೀಗಿದೆ. ಲೈಸೆನ್ಸ್ ಇರುವ ದುರಸ್ತಿಗಾರರ ಹತ್ತಿರ, ಸುರಕ್ಷಿತವಾದ ಗುರಿಕಟ್ಟೆಯ ಮುಂದೆ, ಒಂದು ನಳಿಕೆಗೆ ಮಾತ್ರ ತೋಟಾ ಹಾಕಬೇಕು. ಇನ್ನೊಂದಕ್ಕೆ ಮದ್ದಿಲ್ಲದ ಡಮ್ಮಿ ತೋಟಾ ಹಾಕಿ ಅದರ ಸುತ್ತಿಗೆಯನ್ನೂ ಏರಿಸಿಡಬೇಕು. ತೋಟಾ ಇರುವ ನಳಿಕೆಯನ್ನು ಹಾರಿಸಿದ ಮೇಲೆ, ಬಂದೂಕನ್ನು ತೆರೆಯದೆ, ನಳಿಕೆಯನ್ನು ಗುರಿಕಟ್ಟೆಯ ಕಡೆಗೇ ಹಿಡಿದು ಇನ್ನೊಂದು ಕುದುರೆಯನ್ನು ಎಳೆಯಬೇಕು. ಟಕ್ ಎಂದು ಸುತ್ತಿಗೆ ಬಿದ್ದ ಸದ್ದು ಕೇಳಿದರೆ ಆ ಸಲ ಕೊಂಡಿ ಹಿಡಿದಿದೆ ಎಂದರ್ಥ. ಸದ್ದೇ ಬರದಿದ್ದರೆ ಮೊದಲ ಹೊಡೆತಕ್ಕೇ ಅದು ಜಾರಿ ಬಿದ್ದಿದೆ. ದೋಷ ಒಮ್ಮೊಮ್ಮೆ ಮಾತ್ರ ಕಾಣುವಂಥದ್ದಾದ್ದರಿಂದ ಎರಡೂ ನಳಿಕೆಗಳನ್ನು ಅದಲುಬದಲು ಮಾಡಿ ಹಲವು ಸಲ ನೋಡಬೇಕು. ಅಲ್ಲಿಯವರೆಗೆ ಆ ಬಂದೂಕಿಗೆ ಎರಡು ತೋಟಾ ಒಟ್ಟಿಗೆ ಹಾಕಬೇಡಿ ಎಂದು ಅವರಿಗೆ ಹೇಳಿ ಕಳಿಸಿದೆ.